ನಿಂತ ವಾಹನದ ಮೇಲೆ ಮರ ಬಿದ್ದಾಗ: ಕಾರ್ಯದರ್ಶಿ ಬರೆಯಬೇಕಾದ ವರದಿ

ವಸತಿ ಸಮುಚ್ಚಯದ ಅಂಗಳದಲ್ಲಿ ನಿಲ್ಲಿಸಿದ ವಾಹನಗಳ ಮೇಲೆ ಮರ ಬಿದ್ದರೆ ಅದರ ಮೊದಲ ಅಧಿಕೃತ ದಾಖಲೆ ನಿವಾಸಿಗಳ ಸಂಘದ ಕಾರ್ಯದರ್ಶಿ ಬರೆಯುವ ವರದಿ. ಅದನ್ನು ಓದುವವರು ಮುಖ್ಯವಾಗಿ ಇಬ್ಬರು. ವಿಮಾ ಕಂಪನಿ ಕಳಿಸುವ ಸರ್ವೇಯರ್ ಒಬ್ಬರು, ಪಾಲಿಕೆಯ ಅರಣ್ಯ ವಿಭಾಗದ ಅಧಿಕಾರಿ ಇನ್ನೊಬ್ಬರು. ಈ ವಾಹನಕ್ಕೆ ಈ ಹಾನಿ ಈ ಮರದಿಂದಲೇ, ಹೇಳಿದ ಹೊತ್ತಿನಲ್ಲೇ ಆಯಿತೇ ಎಂದು ಸರ್ವೇಯರ್ ನೋಡುತ್ತಾರೆ. ಮರ ಯಾರ ಜಾಗದಲ್ಲಿತ್ತು, ಈಗ ಉಳಿದಿರುವ ಅಪಾಯವೇನು, ಏನನ್ನು ಕಡಿಯಬೇಕು ಎಂದು ಪಾಲಿಕೆ ಕೇಳುತ್ತದೆ. ಮುಂದೆ ತಕರಾರು ಎದ್ದರೆ ಮೂರನೆಯ ಓದುಗರೂ ಬರುತ್ತಾರೆ, ಅವರು ವಕೀಲರು ಮತ್ತು ನ್ಯಾಯಾಲಯ. ಹೀಗಾಗಿ ಕಾರ್ಯದರ್ಶಿ ಕಂಡದ್ದನ್ನು, ಅಳೆದದ್ದನ್ನು ಮತ್ತು ಕಡತದಲ್ಲಿರುವುದನ್ನು ಬರೆದು ನಿಲ್ಲಿಸಬೇಕು. ತಪ್ಪು ಯಾರದು ಎಂಬ ತೀರ್ಪು ಆ ಕಾಗದದಲ್ಲಿ ಬರಬಾರದು.

ವಿವರಣೆಗಾಗಿ ಬೆಂಗಳೂರಿನ ಒಂದು ಕಲ್ಪಿತ ಪ್ರಕರಣವನ್ನು ತೆಗೆದುಕೊಳ್ಳಬಹುದು. 64 ಮನೆಗಳ ಒಂದು ಸಮುಚ್ಚಯ. ಮೇ ತಿಂಗಳ 11ರಂದು ಸಂಜೆ ಗಾಳಿ ಮಳೆ ಬಂದು, ಕಾಂಪೌಂಡಿನ ಒಳಗಿದ್ದ ಗುಲ್‌ಮೊಹರ್ ಮರ ಬೇರುಸಹಿತ ಉರುಳಿ ಮೂರು ಕಾರು, ಎರಡು ಸ್ಕೂಟರ್‌ಗಳ ಮೇಲೆ ಬಿದ್ದಿದೆ. ಯಾರಿಗೂ ಪೆಟ್ಟಾಗಿಲ್ಲ. ಎಂಟು ತಿಂಗಳ ಹಿಂದೆ ಸಂಘವೇ ಮಳೆನೀರಿನ ಪೈಪ್ ಹಾಕಿಸಲು ಮರದ ಪಕ್ಕ ಕಾಲುವೆ ತೋಡಿಸಿತ್ತು. ಮರ ವಾಲಿದಂತೆ ಕಾಣುತ್ತಿದೆ ಎಂದು ಮಾರ್ಚ್‌ನಲ್ಲಿ ಒಬ್ಬ ನಿವಾಸಿ ಸಂಘಕ್ಕೆ ಪತ್ರ ಬರೆದಿದ್ದರು. ಸಂಘ ಅದೇ ತಿಂಗಳು ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಟ್ಟಿತ್ತು. ಪರಿಶೀಲನೆಗೆ ಯಾರೂ ಬಂದಿರಲಿಲ್ಲ.

ಮೊದಲ ಒಂದು ಗಂಟೆ

ವರದಿಯ ಕೆಲಸ ಶುರುವಾಗುವ ಮೊದಲು ಜೀವದ ಕೆಲಸ ಮುಗಿಯಬೇಕು. ವಾಹನದೊಳಗೆ ಯಾರಾದರೂ ಸಿಕ್ಕಿಕೊಂಡಿದ್ದರೆ 112ಕ್ಕೆ ಕರೆ ಮಾಡಬೇಕು. ಮರದ ಜೊತೆ ವಿದ್ಯುತ್ ತಂತಿ ಬಿದ್ದಿದ್ದರೆ ಬೆಸ್ಕಾಂನ 1912ಕ್ಕೆ ತಿಳಿಸಿ, ಲೈನ್ ಆಫ್ ಆಗಿದೆ ಎಂದು ಅವರ ಸಿಬ್ಬಂದಿ ಹೇಳುವವರೆಗೆ ಯಾರನ್ನೂ ಹತ್ತಿರ ಬಿಡಬಾರದು. ಒದ್ದೆ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಪಾರ್ಕಿಂಗ್‌ನಲ್ಲಿ ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್ ಪಾಯಿಂಟ್ ಇದ್ದರೆ ಅದರ ಮೇನ್ ಸ್ವಿಚ್ಚನ್ನೂ ಆರಿಸಬೇಕು. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಯಂತ್ರದ ಗರಗಸ ಹಚ್ಚುವಂತಿಲ್ಲ.

ಇದಾದ ಮೇಲೆ ಮುಖ್ಯವಾದದ್ದು ಫೋಟೊ. ಮರ ಕಡಿಯುವ ತಂಡ ಬರುವ ಮೊದಲೇ ಎಲ್ಲವನ್ನೂ ತೆಗೆದಿರಬೇಕು. ಪ್ರತಿ ವಾಹನವನ್ನು ನಾಲ್ಕೂ ಬದಿಯಿಂದ, ಅದರಲ್ಲೊಂದು ನಂಬರ್ ಪ್ಲೇಟ್ ಮತ್ತು ಮರ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ತೆಗೆಯಬೇಕು. ದೂರದಿಂದ ತೆಗೆದ ಒಂದೆರಡು ಚಿತ್ರಗಳಲ್ಲಿ ಕಟ್ಟಡ, ಕಾಂಪೌಂಡ್ ಗೋಡೆ ಮತ್ತು ಮರ ಒಟ್ಟಿಗೆ ಕಾಣಬೇಕು. ಜಾಗ ಯಾವುದು ಎಂದು ಹೇಳುವುದು ಇವೇ. ಆಮೇಲೆ ಮರದ ಬುಡ, ಬೇರು ಕಿತ್ತ ಗುಂಡಿ ಮತ್ತು ಮುರಿದ ಬೇರುಗಳ ತುದಿಯನ್ನು ಹತ್ತಿರದಿಂದ ತೆಗೆಯಬೇಕು. ಎಲ್ಲರೂ ಜಜ್ಜಿದ ಕಾರನ್ನೇ ತೆಗೆಯುತ್ತಾರೆ, ಗುಂಡಿಯನ್ನು ತೆಗೆಯುವವರು ಕಡಿಮೆ. ಎರಡೇ ದಿನದಲ್ಲಿ ಆ ಗುಂಡಿ ಮುಚ್ಚಿಹೋಗುತ್ತದೆ.

ಫೋಟೊಗಳ ಮೂಲ ಫೈಲನ್ನು ಫೋನಿನಲ್ಲೇ ಉಳಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಯಾವಾಗ ತೆಗೆದದ್ದು ಎಂದು ಫೈಲಿನೊಳಗೆ ಅಡಗಿರುವ ಮಾಹಿತಿಯೂ ಕಳಚಿಹೋಗುತ್ತದೆ. ಸಿಸಿಟಿವಿ ದೃಶ್ಯವನ್ನು ಅದೇ ದಿನ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುವುದು ಒಳ್ಳೆಯದು. ರೆಕಾರ್ಡರ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಮರ ಬಿದ್ದ ನಿಮಿಷವನ್ನು ಖಚಿತವಾಗಿ ಹೇಳುವ ಸಾಕ್ಷಿ ಬಹುಪಾಲು ಇದೊಂದೇ ಆಗಿರುತ್ತದೆ.

ವಾಹನವನ್ನು ಎಳೆದು ಹೊರತೆಗೆಯುವ ಅವಸರದಲ್ಲಿ ಎರಡನೆಯ ಹಾನಿ ಆಗುವುದುಂಟು. ತುಂಡರಿಸಿದ ದಿಮ್ಮಿ ಬಾನೆಟ್ ಮೇಲೆ ಬೀಳುತ್ತದೆ, ಇಲ್ಲವೇ ಹಗ್ಗ ಕಟ್ಟಿ ಎಳೆಯುವಾಗ ಬಂಪರ್ ಕಿತ್ತು ಬರುತ್ತದೆ. ಮೊದಲ ಪೆಟ್ಟು ಯಾವುದು, ತೆರವಿನ ವೇಳೆ ಆದದ್ದು ಯಾವುದು ಎಂಬ ಪ್ರಶ್ನೆ ಎದ್ದಾಗ ಉತ್ತರ ಕೊಡುವುದು ಮೊದಲು ತೆಗೆದ ಫೋಟೊ ಮಾತ್ರ. ಆದ್ದರಿಂದ ತೆರವು ತಂಡ ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಹೋಯಿತು, ಆ ವೇಳೆ ಯಾವ ವಾಹನಕ್ಕೆ ಏನಾಯಿತು ಎಂಬುದೂ ವರದಿಯಲ್ಲಿ ಬರಬೇಕು.

ಮರ ಬಿದ್ದ ರೀತಿಯನ್ನು ಓದುವುದು

ಕಾರ್ಯದರ್ಶಿ ಸಸ್ಯತಜ್ಞರಾಗಬೇಕಿಲ್ಲ. ಮರ ಮೂರು ರೀತಿಯಲ್ಲಿ ಬೀಳುತ್ತದೆ, ಅವುಗಳಲ್ಲಿ ಯಾವುದು ಎಂದು ಗುರುತಿಸಿದರೆ ಸಾಕು. ಕೊಂಬೆ ಮಾತ್ರ ಮುರಿದು ಬೀಳಬಹುದು, ಕಾಂಡ ನಡುವೆ ಮುರಿಯಬಹುದು, ಇಲ್ಲವೇ ಇಡೀ ಮರ ಬೇರಿನೊಂದಿಗೆ ಕಿತ್ತು ಉರುಳಬಹುದು.

ಕೊಂಬೆ ಅಥವಾ ಕಾಂಡ ಮುರಿದಿದ್ದರೆ ಮುರಿದ ಮುಖವನ್ನು ನೋಡಬೇಕು. ಗಟ್ಟಿ ಮರ ಮುರಿದಾಗ ಸೀಳುಗಳು ಉದ್ದವಾಗಿ, ತಿಳಿ ಬಣ್ಣದಲ್ಲಿ, ಚೂಪಾಗಿ ಎದ್ದಿರುತ್ತವೆ. ಒಳಗೆ ಕೊಳೆತಿದ್ದರೆ ಕಂದು ಅಥವಾ ಕಪ್ಪು ಬಣ್ಣವಿದ್ದು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ನಡುವೆ ಟೊಳ್ಳೂ ಕಾಣಬಹುದು. ಬುಡದಲ್ಲಿ ತಟ್ಟೆಯಂತೆ ಅಂಟಿಕೊಂಡಿರುವ ಗಟ್ಟಿ ಅಣಬೆ ಬೇರು ಮತ್ತು ಬುಡ ಕೊಳೆಯುತ್ತಿರುವ ಸೂಚನೆ. ಅದಿದ್ದರೆ ಫೋಟೊ ತೆಗೆದು, ಇತ್ತು ಎಂದು ಬರೆಯಬೇಕು.

ಬೇರುಸಹಿತ ಉರುಳಿದ್ದರೆ ಕಥೆ ಗುಂಡಿಯಲ್ಲಿರುತ್ತದೆ. ಮರವನ್ನು ಗಾಳಿಗೆದುರಾಗಿ ಹಿಡಿದು ನಿಲ್ಲಿಸುವ ಬೇರುಗಳು ಬಹಳ ಆಳದಲ್ಲೇನೂ ಇರುವುದಿಲ್ಲ. ಹೆಚ್ಚಿನವು ಮೇಲಿನ ಮೂರಡಿ ಮಣ್ಣಿನಲ್ಲೇ ಸುತ್ತಲೂ ಹರಡಿರುತ್ತವೆ. ಗಾಳಿ ಪಶ್ಚಿಮದಿಂದ ಬೀಸಿದರೆ ಪಶ್ಚಿಮದ ಬೇರುಗಳು ಬಿಗಿದ ಹಗ್ಗದಂತೆ ಎಳೆದು ಹಿಡಿಯುತ್ತವೆ. ಆ ಬದಿಯಲ್ಲಿ ಕಾಲುವೆ ತೋಡಿ ಬೇರು ಕತ್ತರಿಸಿದ್ದರೆ ಮರ ಬೇಸಿಗೆಯಲ್ಲಿ ನಿಂತೇ ಇರುತ್ತದೆ. ಮಳೆಗೆ ಮಣ್ಣು ನೆನೆದು ಹಿಡಿತ ಸಡಿಲವಾದ ಹೊತ್ತಿಗೆ ಒಂದು ಬಿರುಗಾಳಿ ಬಂದರೆ ಪೂರ್ವಕ್ಕೆ ಉರುಳುತ್ತದೆ. ಬುಡದ ವ್ಯಾಸದ ಮೂರು ಪಟ್ಟು ದೂರದೊಳಗೆ ಬೇರು ಕತ್ತರಿಸಿದರೆ ಮರದ ನಿಲುವಿಗೇ ಧಕ್ಕೆ ಎಂದು ವೃಕ್ಷತಜ್ಞರು ಲೆಕ್ಕ ಹಾಕುತ್ತಾರೆ.

ಉದಾಹರಣೆಯ ಗುಲ್‌ಮೊಹರ್‌ನಲ್ಲಿ ಇದು ಎದ್ದು ಕಾಣುತ್ತದೆ. ಎದೆಮಟ್ಟದಲ್ಲಿ ಅದರ ಸುತ್ತಳತೆ 190 ಸೆಂ.ಮೀ. ಅಂದರೆ ವ್ಯಾಸ ಸುಮಾರು 60 ಸೆಂ.ಮೀ. ಅದರ ಮೂರು ಪಟ್ಟು 1.8 ಮೀಟರ್. ಪೈಪಿನ ಕಾಲುವೆ ಇದ್ದದ್ದು ಬುಡದಿಂದ 1.2 ಮೀಟರ್ ದೂರದಲ್ಲಿ, ಪಶ್ಚಿಮ ಬದಿಗೆ. ಗುಂಡಿಯ ಆ ಬದಿಯ ಬೇರುಗಳ ತುದಿ ಸಮತಟ್ಟಾಗಿ ಕತ್ತರಿಸಿದಂತಿದ್ದು ಕಪ್ಪಗಾಗಿವೆ. ಉಳಿದ ಬದಿಯ ಬೇರುಗಳು ಸಿಗುರು ಸಿಗುರಾಗಿ ಹೊಸದಾಗಿ ಹರಿದಿವೆ. ಕಾರ್ಯದರ್ಶಿ ಬರೆಯಬೇಕಾದದ್ದು ಇಷ್ಟನ್ನೇ: ಯಾವ ಬದಿಯ ಬೇರು ಹೇಗೆ ಕಂಡಿತು, ಕಾಲುವೆ ಎಷ್ಟು ದೂರದಲ್ಲಿದೆ, ಅದನ್ನು ಯಾವ ತಿಂಗಳಲ್ಲಿ ತೋಡಲಾಯಿತು. ‘ಕಾಲುವೆಯಿಂದಲೇ ಮರ ಬಿತ್ತು’ ಎಂದಾಗಲಿ, ‘ಕಾಲುವೆಗೂ ಇದಕ್ಕೂ ಸಂಬಂಧವಿಲ್ಲ’ ಎಂದಾಗಲಿ ಬರೆಯುವುದು ತಜ್ಞರ ಕೆಲಸವನ್ನು ತಾನು ಮಾಡಿದಂತೆ.

ವಿಮೆಗೆ ಬೇಕಾದದ್ದು

ವಾಹನದ ವಿಮೆ ಮಾಲೀಕ ಮತ್ತು ಕಂಪನಿಯ ನಡುವಿನ ಒಪ್ಪಂದ. ಸಂಘ ಎಲ್ಲರ ಪರವಾಗಿ ಕ್ಲೇಮು ಹಾಕಲಾಗದು. ಪ್ರತಿ ಮಾಲೀಕರೂ ತಮ್ಮ ಕಂಪನಿಗೆ ಕೂಡಲೇ ತಾವೇ ತಿಳಿಸಿ ಕ್ಲೇಮು ಸಂಖ್ಯೆ ಪಡೆಯಬೇಕು. ಕಾರ್ಯದರ್ಶಿಯ ವರದಿ ಅದರ ಜೊತೆ ಲಗತ್ತಿಸುವ ಪುರಾವೆ.

ಕಾನೂನು ಪ್ರಕಾರ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆ ಬೇರೆಯವರಿಗಾದ ಹಾನಿಗೆ ಮಾತ್ರ. ಸ್ವಂತ ವಾಹನದ ಮೇಲೆ ಮರ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಸಿಗದು. ಸ್ವಂತ ಹಾನಿಯ ಭಾಗವೂ ಸೇರಿದ ಸಮಗ್ರ ಪಾಲಿಸಿ ಇದ್ದವರಿಗೆ ಮಾತ್ರ ಪರಿಹಾರ ಬರುತ್ತದೆ. ಆ ಪಾಲಿಸಿಯಲ್ಲಿ ಬಿರುಗಾಳಿ, ಪ್ರವಾಹದಂಥ ಪ್ರಕೃತಿ ವಿಕೋಪಗಳೂ ಹೊರಗಿನಿಂದಾಗುವ ಆಕಸ್ಮಿಕ ಪೆಟ್ಟೂ ಎರಡೂ ಸೇರಿರುವುದರಿಂದ, ಮರ ಗಾಳಿಗೆ ಬಿದ್ದರೂ ಸರಿ, ಗಾಳಿಯಿಲ್ಲದೆ ಬಿದ್ದರೂ ಸರಿ, ಹಾನಿ ಅದರ ವ್ಯಾಪ್ತಿಗೆ ಬರುತ್ತದೆ. ಹೀಗಾಗಿ ಕ್ಲೇಮು ಗಟ್ಟಿಯಾಗಲಿ ಎಂದು ವರದಿಯಲ್ಲಿ ಗಾಳಿಯನ್ನು ಉತ್ಪ್ರೇಕ್ಷಿಸಿ ಬರೆಯುವ ಅಗತ್ಯವೇ ಇಲ್ಲ. ‘ಭೀಕರ ಚಂಡಮಾರುತ’ ಎಂದು ಬರೆದು, ಆ ಸಂಜೆ ಹತ್ತಿರದ ಮಾಪನ ಕೇಂದ್ರದಲ್ಲಿ ಸಾಧಾರಣ ಗಾಳಿ ದಾಖಲಾಗಿದ್ದರೆ ಇಡೀ ವರದಿಯ ಮೇಲೇ ಅನುಮಾನ ಬರುತ್ತದೆ. ಹವಾಮಾನ ಇಲಾಖೆ ಅಥವಾ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆ ದಿನ ಪ್ರಕಟಿಸಿದ ಮಳೆ, ಗಾಳಿಯ ಮಾಹಿತಿ ಸಿಕ್ಕರೆ ಅದರ ಪ್ರತಿಯನ್ನು ಲಗತ್ತಿಸಿದರೆ ಸಾಕು.

ಸರ್ವೇಯರ್ ಬರುವ ಮೊದಲು ದುರಸ್ತಿ ಶುರು ಮಾಡಬಾರದು. ಅವರು ಹಾನಿಯನ್ನು ಗ್ಯಾರೇಜಿನ ಎಸ್ಟಿಮೇಟ್ ಜೊತೆ ಹೋಲಿಸಿ, ಯಾವ ಭಾಗ ಬದಲಿಸಬೇಕು, ಯಾವುದನ್ನು ತಟ್ಟಿ ಸರಿಪಡಿಸಬಹುದು ಎಂದು ತೀರ್ಮಾನಿಸುತ್ತಾರೆ. ಪರಿಹಾರದ ಮೊತ್ತ ಎಸ್ಟಿಮೇಟಿಗಿಂತ ಕಡಿಮೆ ಬರುವುದಕ್ಕೆ ಮುಖ್ಯ ಕಾರಣ ಸವಕಳಿ. ಗಾಜಿಗೆ ಸವಕಳಿ ಕಳೆಯುವುದಿಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50 ಕಳೆಯುತ್ತಾರೆ. ಲೋಹದ ಭಾಗಗಳಿಗೆ ವಾಹನದ ವಯಸ್ಸಿಗೆ ತಕ್ಕಂತೆ ಕಳೆಯುವುದು, ನಾಲ್ಕರಿಂದ ಐದು ವರ್ಷದ ವಾಹನಕ್ಕೆ ಅದು ಶೇ 35.

ಉದಾಹರಣೆಯ ಮೊದಲ ಕಾರಿಗೆ ನಾಲ್ಕೂವರೆ ವರ್ಷ. ಗ್ಯಾರೇಜ್ ಎಸ್ಟಿಮೇಟ್ ತೆರಿಗೆ ಬಿಟ್ಟು ₹1,41,000. ಅದರಲ್ಲಿ ಲೋಹದ ಭಾಗ ₹60,000, ಗಾಜು ₹12,000, ಪ್ಲಾಸ್ಟಿಕ್ ₹20,000, ಬಣ್ಣ ₹24,000, ಕೂಲಿ ₹25,000. ಲೋಹಕ್ಕೆ ಶೇ 35ರಂತೆ ₹21,000, ಪ್ಲಾಸ್ಟಿಕ್‌ಗೆ ₹10,000 ಕಳೆಯುತ್ತದೆ. ಬಣ್ಣದ ಒಟ್ಟು ಖರ್ಚಿನ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರ ಅರ್ಧ, ಅಂದರೆ ₹3,000 ಕಳೆಯುತ್ತಾರೆ. ಕೂಲಿಗೆ ಕಡಿತವಿಲ್ಲ. 1500 ಸಿ.ಸಿ.ವರೆಗಿನ ಕಾರಿಗೆ ಮಾಲೀಕರೇ ಭರಿಸಬೇಕಾದ ಕಡ್ಡಾಯ ಮೊತ್ತ ₹1,000. ಎಲ್ಲ ಕಳೆದು ಕಂಪನಿ ಕೊಡುವುದು ₹1,06,000, ಮಾಲೀಕರ ಕೈಯಿಂದ ಹೋಗುವುದು ₹35,000. ‘ಝೀರೋ ಡೆಪ್’ ಸೌಲಭ್ಯ ಕೊಂಡಿದ್ದರೆ ಸವಕಳಿಯ ₹34,000 ಬಹುಮಟ್ಟಿಗೆ ಉಳಿಯುತ್ತಿತ್ತು.

ಎರಡನೆಯ ಕಾರಿಗೆ ಒಂಬತ್ತು ವರ್ಷ, ಪಾಲಿಸಿಯಲ್ಲಿ ನಮೂದಿಸಿದ ಮೌಲ್ಯ ₹1,20,000. ಮಾಡು ಕುಸಿದು ಕಂಬಗಳು ಬಾಗಿವೆ, ದುರಸ್ತಿಗೆ ₹1,05,000 ಬೇಕು. ದುರಸ್ತಿ ಖರ್ಚು ನಮೂದಿತ ಮೌಲ್ಯದ ಶೇ 75, ಅಂದರೆ ಇಲ್ಲಿ ₹90,000 ದಾಟಿದರೆ ಅದನ್ನು ಸಂಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ. ಆಗ ದುರಸ್ತಿಯ ಬದಲು ನಮೂದಿತ ಮೌಲ್ಯದ ಆಧಾರದಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಮೂರನೆಯ ಕಾರಿಗೆ ಇದ್ದದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ, ವಿಮೆಯಿಂದ ಏನೂ ಸಿಗದು. ಸ್ಕೂಟರ್‌ಗಳಲ್ಲಿ ಒಂದಕ್ಕೆ ಕನ್ನಡಿ ಮತ್ತು ಹ್ಯಾಂಡಲ್ ಹೋಗಿದ್ದು ಖರ್ಚು ₹2,500. ಕ್ಲೇಮು ಹಾಕಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಇಂಥ ಸಣ್ಣ ಹಾನಿಯಲ್ಲಿ ಎರಡನ್ನೂ ತೂಗಿ ನೋಡಿ ಮಾಲೀಕರೇ ತೀರ್ಮಾನಿಸಬೇಕು.

ಹಳೆಯ ವಾಹನ ಕೊಂಡವರಲ್ಲಿ ಇನ್ನೊಂದು ತೊಡಕು ಬರುತ್ತದೆ. ಆರ್‌.ಸಿ. ಹೆಸರಿಗೆ ಬದಲಾಗಿದ್ದು ಪಾಲಿಸಿ ಮಾತ್ರ ಹಿಂದಿನವರ ಹೆಸರಿನಲ್ಲೇ ಉಳಿದಿದ್ದರೆ ಸ್ವಂತ ಹಾನಿಯ ಕ್ಲೇಮು ನಿಲ್ಲುವುದು ಕಷ್ಟ. ವಾಹನ ಕೈಬದಲಾದಾಗ ತಾನಾಗಿಯೇ ವರ್ಗವಾಗುವುದು ಥರ್ಡ್ ಪಾರ್ಟಿ ಭಾಗ ಮಾತ್ರ. ಆದ್ದರಿಂದ ಕಾರ್ಯದರ್ಶಿ ವಾಹನಗಳ ಪಟ್ಟಿ ಮಾಡುವಾಗ ‘ಇಂತಿಂಥವರ ಕಾರು’ ಎಂದು ಬಾಯಿಮಾತಿನ ಮೇಲೆ ಬರೆಯದೆ, ನೋಂದಣಿ ಸಂಖ್ಯೆ ಮತ್ತು ಆರ್‌.ಸಿ.ಯಲ್ಲಿರುವ ಹೆಸರನ್ನು ನೋಡಿ ಬರೆಯಬೇಕು.

ಪಾಲಿಕೆಗೆ ಬೇಕಾದದ್ದು

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಪತ್ರದ ಮೇಲೆ ಹಳೆಯ ವಿಳಾಸ ಬರೆದರೆ ಅದು ಕಚೇರಿಯಿಂದ ಕಚೇರಿಗೆ ಸುತ್ತುತ್ತದೆ. ಸಮುಚ್ಚಯ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ಖಚಿತಪಡಿಸಿಕೊಂಡು, ಅಲ್ಲಿನ ಅರಣ್ಯ ವಿಭಾಗಕ್ಕೆ ಬರೆಯಬೇಕು. ಬಿಬಿಎಂಪಿ ಕಾಲದಿಂದ ಜನ ಬಳಸುತ್ತಿರುವ 1533 ಸಹಾಯವಾಣಿಗೆ ಕರೆ ಮಾಡಿದ್ದರೆ ಆಗ ಕೊಟ್ಟ ದೂರು ಸಂಖ್ಯೆಯನ್ನು ಪತ್ರದಲ್ಲಿ ನಮೂದಿಸಬೇಕು. ಕರೆ ಮಾಡಿದ್ದಕ್ಕೆ ಆ ಸಂಖ್ಯೆಯೇ ಪುರಾವೆ.

ಇಲ್ಲಿ ಮುಖ್ಯವಾದ ಕಾನೂನು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಮರ ಖಾಸಗಿ ಜಾಗದಲ್ಲಿದ್ದರೂ ಅದನ್ನು ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕೆಂಬುದು ಅದರ ತಿರುಳು. ಒಂದು ಮರ ಬಿದ್ದ ಕೂಡಲೇ ನಿವಾಸಿಗಳು ಭಯಬಿದ್ದು, ಪಕ್ಕದ ಮರಗಳನ್ನೂ ಇವತ್ತೇ ಕಡಿಸಿ ಎಂದು ಒತ್ತಾಯಿಸುವುದು ಸಾಮಾನ್ಯ. ಉರುಳಿದ ಮರದ ತುಂಡುಗಳನ್ನು ದಾರಿಯಿಂದ ಸರಿಸುವುದು ಬೇರೆ, ನಿಂತ ಮರಕ್ಕೆ ಗರಗಸ ಹಾಕುವುದು ಬೇರೆ. ಎರಡನೆಯದಕ್ಕೆ ಅರ್ಜಿ ಕೊಟ್ಟು, ಪರಿಶೀಲನೆಯಾಗಿ, ಆದೇಶ ಬಂದ ಮೇಲೆಯೇ ಕೈಹಾಕಬೇಕು.

ಪಾಲಿಕೆಗೆ ಬರೆಯುವ ಪತ್ರದಲ್ಲಿ ಮೊದಲ ಸಾಲಿನಲ್ಲೇ ಬರಬೇಕಾದ ಸಂಗತಿ ಮರ ನಿಂತಿದ್ದ ಜಾಗ. ಕಾಂಪೌಂಡಿನ ಒಳಗೋ, ಹೊರಗಿನ ಫುಟ್‌ಪಾತ್ ಮೇಲೋ, ಪಕ್ಕದ ನಿವೇಶನದಲ್ಲೋ? ಗೋಡೆಯಿಂದ ಬುಡದವರೆಗಿನ ದೂರವನ್ನು ಟೇಪಿನಲ್ಲಿ ಅಳೆದು ಬರೆಯಬೇಕು. ಮರ ಫುಟ್‌ಪಾತ್‌ನದ್ದಾದರೆ ಅದರ ನಿರ್ವಹಣೆಯ ಹೊಣೆ ಪಾಲಿಕೆಯದು. ದಿಮ್ಮಿಗಳೂ ಪಾಲಿಕೆಯ ಸ್ವತ್ತು, ಅವನ್ನು ಸೌದೆ ಮಂಡಿಗೆ ಮಾರಿ ಹಣವನ್ನು ಸಂಘದ ಖಾತೆಗೆ ಹಾಕಿಕೊಳ್ಳುವಂತಿಲ್ಲ. ಒಳಗಿನ ಮರವಾದರೂ ಮರವನ್ನು ಹೊರಗೆ ಸಾಗಿಸುವ ಮೊದಲು ಅರಣ್ಯ ವಿಭಾಗವನ್ನು ಕೇಳಿಕೊಳ್ಳುವುದು ಕ್ಷೇಮ.

ಎರಡನೆಯದು ಉಳಿದಿರುವ ಅಪಾಯ. ಅರ್ಧ ಮುರಿದು ನೇತಾಡುವ ಕೊಂಬೆ, ಉರುಳಿದ ಮರದ ಹೊಡೆತಕ್ಕೆ ವಾಲಿದ ಪಕ್ಕದ ಮರ, ಬಿರುಕು ಬಿಟ್ಟ ಕಾಂಪೌಂಡ್ ಗೋಡೆ, ಇವನ್ನು ಸಂಖ್ಯೆ ಕೊಟ್ಟು ಫೋಟೊ ಸಮೇತ ತೋರಿಸಬೇಕು. ಮೂರನೆಯದು ಕೋರಿಕೆ. ‘ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬ ಸಾಲಿನಿಂದ ಏನೂ ಆಗುವುದಿಲ್ಲ. ಉರುಳಿದ ಮರದ ತೆರವು, ಇಂತಿಂಥ ಎರಡು ಮರಗಳ ಪರಿಶೀಲನೆ, ನೇತಾಡುವ ಕೊಂಬೆ ಕತ್ತರಿಸಲು ಅನುಮತಿ ಮತ್ತು ಸ್ಥಳ ಪರಿಶೀಲನಾ ವರದಿಯ ಪ್ರತಿ ಎಂದು ಒಂದೊಂದನ್ನೂ ಬಿಡಿಸಿ ಕೇಳಬೇಕು. ಪತ್ರವನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡು ಬರುವುದನ್ನು ಮರೆಯಬಾರದು.

ವರದಿಯ ಪಠ್ಯ

ಎರಡೂ ಕಡೆಗೆ ಬೇರೆ ಬೇರೆ ಘಟನಾ ವಿವರ ಬರೆದರೆ ಅವುಗಳ ನಡುವೆ ವ್ಯತ್ಯಾಸ ನುಸುಳುತ್ತದೆ. ಒಂದರಲ್ಲಿ 5.40, ಇನ್ನೊಂದರಲ್ಲಿ ‘ಸುಮಾರು ಆರೂವರೆ’ ಎಂದಿದ್ದರೆ ಸರ್ವೇಯರ್ ಕೇಳಿಯೇ ಕೇಳುತ್ತಾರೆ. ಆದ್ದರಿಂದ ಘಟನೆಯ ವರದಿ ಒಂದೇ ಇರಬೇಕು. ಅದರ ಮೇಲೆ ಪಾಲಿಕೆಗೆ ಒಂದು, ವಾಹನ ಮಾಲೀಕರಿಗೆ ಒಂದು ಎಂದು ಬೇರೆ ಬೇರೆ ಮುಖಪತ್ರ ಇಡಬಹುದು. ಉದಾಹರಣೆಯ ಪ್ರಕರಣದಲ್ಲಿ ವರದಿಯ ಮುಖ್ಯ ಭಾಗ ಹೀಗಿರಬಹುದು:

> ಮೇ 11ರಂದು ಸಂಜೆ 5.40ಕ್ಕೆ (ಪೂರ್ವ ಗೇಟಿನ ಸಿಸಿಟಿವಿಯಲ್ಲಿ ಕಂಡ ಸಮಯ) ಗಾಳಿ ಮತ್ತು ಮಳೆ ಇದ್ದಾಗ, ಸಮುಚ್ಚಯದ ಪಶ್ಚಿಮ ಕಾಂಪೌಂಡ್ ಗೋಡೆಯಿಂದ ಒಳಕ್ಕೆ 2.5 ಮೀಟರ್ ದೂರದಲ್ಲಿದ್ದ ಒಂದು ಗುಲ್‌ಮೊಹರ್ ಮರ ಬೇರುಸಹಿತ ಪೂರ್ವ ದಿಕ್ಕಿಗೆ ಉರುಳಿ, 14ರಿಂದ 18ರವರೆಗಿನ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದ್ದ ಐದು ವಾಹನಗಳ ಮೇಲೆ ಬಿದ್ದಿದೆ. ವಾಹನಗಳಲ್ಲಿ ಯಾರೂ ಇರಲಿಲ್ಲ. ಯಾರಿಗೂ ಗಾಯವಾಗಿಲ್ಲ.
>
> ಎದೆಮಟ್ಟದಲ್ಲಿ ಮರದ ಸುತ್ತಳತೆ 190 ಸೆಂ.ಮೀ. ಬುಡದ ಪಶ್ಚಿಮ ಬದಿಗೆ 1.2 ಮೀಟರ್ ದೂರದಲ್ಲಿ, ಕಳೆದ ಸೆಪ್ಟೆಂಬರ್‌ನಲ್ಲಿ ಸಂಘ ಹಾಕಿಸಿದ ಮಳೆನೀರಿನ ಪೈಪ್ ಇದೆ. ಆ ಬದಿಯ ಮೂರು ಬೇರುಗಳ ತುದಿ ಸಮತಟ್ಟಾಗಿ, ಕಪ್ಪಾಗಿ ಕಂಡಿತು (ಫೋಟೊ 21, 22).
>
> ಮರ ವಾಲಿದೆ ಎಂದು ಮಾರ್ಚ್ 3ರಂದು ಒಬ್ಬ ನಿವಾಸಿ ಲಿಖಿತವಾಗಿ ತಿಳಿಸಿದ್ದರು. ಮಾರ್ಚ್ 9ರಂದು ಸಂಘ ಅರಣ್ಯ ವಿಭಾಗಕ್ಕೆ ಅರ್ಜಿ ಸಲ್ಲಿಸಿದೆ (ಸ್ವೀಕೃತಿ ಪ್ರತಿ ಲಗತ್ತಿಸಿದೆ). ಮೇ 11ರವರೆಗೆ ಪರಿಶೀಲನೆ ನಡೆದಿರುವುದು ಸಂಘದ ಗಮನಕ್ಕೆ ಬಂದಿಲ್ಲ.
>
> ತೆರವು ತಂಡ ರಾತ್ರಿ 8.15ಕ್ಕೆ ಬಂದು 11.30ಕ್ಕೆ ಕೆಲಸ ಮುಗಿಸಿತು. ತೆರವಿನ ವೇಳೆ 16ನೇ ಜಾಗದ ಕಾರಿನ ಹಿಂದಿನ ಬಂಪರ್‌ಗೆ ಗೀರು ಬಿದ್ದಿದೆ (ಮೊದಲಿನದು ಫೋಟೊ 9, ನಂತರದ್ದು ಫೋಟೊ 27).

ಇದರ ಕೆಳಗೆ ವಾಹನಗಳ ಪಟ್ಟಿ ಬರುತ್ತದೆ. ಪಾರ್ಕಿಂಗ್ ಸಂಖ್ಯೆ, ನೋಂದಣಿ ಸಂಖ್ಯೆ, ಆರ್‌.ಸಿ.ಯಲ್ಲಿರುವ ಹೆಸರು, ಹೊರಗಿನಿಂದ ಕಾಣುವ ಹಾನಿ, ಫೋಟೊ ಸಂಖ್ಯೆ ಅದರಲ್ಲಿರಬೇಕು. ಹಾನಿಯ ಕಾಲಮ್ಮಿನಲ್ಲಿ ‘ಸಂಪೂರ್ಣ ನಾಶ’ ಎಂದು ಬರೆಯದೆ ‘ಮಾಡು ಒಳಕ್ಕೆ ಕುಸಿದಿದೆ, ಮುಂದಿನ ಗಾಜು ಒಡೆದಿದೆ, ಎಡಬದಿಯ ಎರಡೂ ಬಾಗಿಲು ತೆರೆಯುತ್ತಿಲ್ಲ’ ಎಂದು ಬರೆಯಬೇಕು. ರೂಪಾಯಿ ಲೆಕ್ಕ ಕಾರ್ಯದರ್ಶಿ ಹಾಕಬಾರದು. ಕೊನೆಯಲ್ಲಿ ಕಣ್ಣಾರೆ ಕಂಡ ಕಾವಲುಗಾರರ ಅಥವಾ ನಿವಾಸಿಗಳ ಹೇಳಿಕೆ, ಕಾರ್ಯದರ್ಶಿಯ ಸಹಿ, ಸಂಘದ ಮೊಹರು ಮತ್ತು ಬರೆದ ದಿನಾಂಕ ಇರಬೇಕು. ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಂಡರೆ, ವಿಮಾ ಕಂಪನಿ ಕೇಳಿದಾಗ ಓಡಾಡುವುದು ತಪ್ಪುತ್ತದೆ.

ಹೊಣೆಯ ಪ್ರಶ್ನೆ

ಮಾದರಿ ವರದಿಯಲ್ಲಿ ಸಂಘಕ್ಕೇ ಮುಜುಗರ ತರುವ ಎರಡು ಸಂಗತಿಗಳಿವೆ: ಕಾಲುವೆ ಮತ್ತು ಮಾರ್ಚ್‌ನ ಪತ್ರ. ಇವನ್ನು ಬಿಟ್ಟು ಬರೆಯೋಣ ಎಂಬ ಸಲಹೆ ಸಮಿತಿಯ ಸಭೆಯಲ್ಲಿ ಬಂದೇ ಬರುತ್ತದೆ. ಆದರೆ ಪತ್ರ ಬರೆದವರ ಬಳಿ ಅದರ ಪ್ರತಿ ಇರುತ್ತದೆ, ಕಾಲುವೆಯ ಬಿಲ್ಲು ಸಂಘದ ಲೆಕ್ಕಪತ್ರದಲ್ಲಿರುತ್ತದೆ. ಮುಚ್ಚಿಟ್ಟದ್ದು ಮುಂದೆ ಹೊರಬಂದರೆ, ವರದಿಯಲ್ಲಿ ಸರಿಯಾಗಿ ಬರೆದ ಸಂಗತಿಗಳನ್ನೂ ಯಾರೂ ನಂಬುವುದಿಲ್ಲ.

ಮರ ಬಿದ್ದು ಆದ ಹಾನಿಗೆ ಜಾಗದ ಮಾಲೀಕ ಯಾವಾಗ ಹೊಣೆ ಎಂಬುದಕ್ಕೆ ಕಾನೂನಿನಲ್ಲಿ ಒಂದು ಸರಳ ಅಳತೆಯಿದೆ. ಅಪಾಯ ಅವರಿಗೆ ಗೊತ್ತಿತ್ತೇ, ಅಥವಾ ಸಾಧಾರಣ ಎಚ್ಚರದಿಂದ ನೋಡಿದ್ದರೆ ಗೊತ್ತಾಗುತ್ತಿತ್ತೇ, ಗೊತ್ತಾದ ಮೇಲೆ ಏನು ಮಾಡಿದರು? ದೆಹಲಿಯಲ್ಲಿ 1964ರಲ್ಲಿ ಸ್ಕೂಟರ್ ಸವಾರರೊಬ್ಬರು ರಸ್ತೆಬದಿಯ ಮರದ ಕೊಂಬೆ ಬಿದ್ದು ಸತ್ತ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಮರಗಳನ್ನು ಕಾಲಕಾಲಕ್ಕೆ ಪರಿಶೀಲಿಸಿ ಅಪಾಯ ನಿವಾರಿಸುವ ಹೊಣೆ ಪಾಲಿಕೆಯದು ಎಂದು 1999ರಲ್ಲಿ ನ್ಯಾಯಾಲಯ ಹೇಳಿ, ಪರಿಹಾರ ಕೊಡುವ ಬಾಧ್ಯತೆಯನ್ನು ಅದರ ಮೇಲೆ ಹೊರಿಸಿತು. ಕಾಂಪೌಂಡಿನ ಒಳಗಿನ ಮರಕ್ಕೆ ಇದೇ ಅಳತೆ ಸಂಘಕ್ಕೂ ಅನ್ವಯಿಸುತ್ತದೆ. ಉದಾಹರಣೆಯ ಸಂಘದ ವಿರುದ್ಧ ಕಾಲುವೆ ನಿಲ್ಲುತ್ತದೆ, ಪರವಾಗಿ ಮಾರ್ಚ್ 9ರ ಅರ್ಜಿ ನಿಲ್ಲುತ್ತದೆ. ಅರ್ಜಿ ಕೊಟ್ಟು ಎರಡು ತಿಂಗಳು ಮತ್ತೆ ವಿಚಾರಿಸದಿದ್ದದ್ದು, ಮರದ ಕೆಳಗೆ ವಾಹನ ನಿಲ್ಲಿಸಬೇಡಿ ಎಂದು ಸೂಚಿಸದಿದ್ದದ್ದು ಕೂಡ ಪ್ರಶ್ನೆಗೆ ಬರುತ್ತವೆ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದ ಮೂರನೆಯ ಕಾರಿನ ಮಾಲೀಕರಿಗೆ ಉಳಿದಿರುವ ದಾರಿಯೂ ಇದೇ.

ವಿಮೆಯ ಹಣ ಸಿಕ್ಕ ಮಾತ್ರಕ್ಕೆ ಈ ಪ್ರಶ್ನೆ ಮುಗಿಯುವುದಿಲ್ಲ. ಪರಿಹಾರ ಕೊಟ್ಟ ಕಂಪನಿ, ಹಾನಿಗೆ ಕಾರಣರಾದವರಿಂದ ವಸೂಲಿ ಮಾಡುವ ಮಾಲೀಕರ ಹಕ್ಕಿಗೆ ತಾನೇ ವಾರಸುದಾರನಾಗುತ್ತದೆ. ಸಂಘ ಸೌಹಾರ್ದಕ್ಕಾಗಿ ಹತ್ತು ಸಾವಿರ ಕೊಟ್ಟು ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಮಾಲೀಕರಿಂದ ಬರೆಸಿಕೊಂಡರೆ ಆ ಹಕ್ಕಿಗೆ ಕತ್ತರಿ ಬೀಳುತ್ತದೆ, ಅದನ್ನೇ ನೆಪ ಮಾಡಿ ಕಂಪನಿ ಕ್ಲೇಮು ತಡೆಯಬಹುದು. ಆದ್ದರಿಂದ ಕಂಪನಿಯನ್ನು ಕೇಳದೆ ಇಂಥ ಒಪ್ಪಂದಕ್ಕೆ ಸಹಿ ಹಾಕಬಾರದು. ಕಟ್ಟಡಕ್ಕೆ ಸಂಘ ಮಾಡಿಸಿದ ವಿಮೆ ಗೋಡೆ, ಗೇಟಿನ ಹಾನಿಗೆ ನೆರವಾಗಬಹುದು, ನಿವಾಸಿಗಳ ಕಾರಿಗಲ್ಲ. ಸಂಘದ ಹೊಣೆಗಾರಿಕೆಯನ್ನು ಭರಿಸುವ ಪಾಲಿಸಿ ಬೇರೆಯೇ ಇದೆ. ಅದಿದ್ದರೆ ಆ ಕಂಪನಿಗೂ ಕೂಡಲೇ ತಿಳಿಸಬೇಕು.

ನಂತರದ ಕಡತ

ಪಾಲಿಕೆ ಉತ್ತರಿಸದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ಮಾರ್ಚ್ 9ರ ಅರ್ಜಿಯ ಮೇಲೆ ಬರೆದ ಟಿಪ್ಪಣಿ ಮತ್ತು ಸ್ಥಳ ಪರಿಶೀಲನಾ ವರದಿಯ ಪ್ರತಿ ಕೇಳಬಹುದು. ಉತ್ತರ ಕೊಡಲು ಕಚೇರಿಗೆ 30 ದಿನಗಳ ಗಡುವಿದೆ. ವಿಮಾ ಕಂಪನಿ ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು, ಮೊದಲು ಕಂಪನಿಯ ದೂರು ಅಧಿಕಾರಿಗೆ, ಅಲ್ಲಿಯೂ ಬಗೆಹರಿಯದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ಮಾಲೀಕರು ದೂರು ಕೊಡಬಹುದು. ಬೆಂಗಳೂರಿನಲ್ಲೇ ಅದರ ಕಚೇರಿಯಿದೆ, ದೂರಿಗೆ ಶುಲ್ಕವಿಲ್ಲ. ಕ್ಲೇಮು ಪೂರ್ತಿ ಸಿಗದಿರುವುದಕ್ಕೆ ಸಂಘದ ವರದಿಯಲ್ಲಿನ ತಪ್ಪೇ ಕಾರಣವಾಗಿದ್ದರೆ, ಹಳೆಯ ವರದಿಯನ್ನು ತಿದ್ದಿ ಬರೆಯಬಾರದು. ಹೊಸ ದಿನಾಂಕ ಹಾಕಿ, ಯಾವ ಸಾಲು ತಪ್ಪಾಗಿತ್ತು, ಸರಿಯಾದದ್ದು ಏನು, ಅದಕ್ಕೆ ಆಧಾರವೇನು ಎಂದು ತಿಳಿಸುವ ಪೂರಕ ಪತ್ರ ಕೊಡಬೇಕು.

ಹಾನಿಗೆ ಪರಿಹಾರ ಕೇಳಿ ಸಿವಿಲ್ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಾವಕಾಶವಿದೆ. ಈ ನಡುವೆ ಸಂಘದ ಪದಾಧಿಕಾರಿಗಳು ಬದಲಾಗಿರುತ್ತಾರೆ, ಫೋನುಗಳೂ ಬದಲಾಗಿರುತ್ತವೆ. ವರದಿ, ಸಂಖ್ಯೆ ಹಾಕಿದ ಫೋಟೊಗಳ ಮೂಲ ಫೈಲು, ಸಿಸಿಟಿವಿ ದೃಶ್ಯ, ಸೀಲು ಬಿದ್ದ ಪತ್ರಗಳು, ಕಾಲುವೆ ಕೆಲಸದ ಬಿಲ್ಲು, ಸಮಿತಿಯ ನಡಾವಳಿ, ಇವೆಲ್ಲವನ್ನೂ ಒಂದೇ ಕಡತದಲ್ಲಿಟ್ಟು, ಕನಿಷ್ಠ ಆ ಮೂರು ವರ್ಷ ಮುಗಿಯುವವರೆಗೆ ಹೊಸ ಕಾರ್ಯದರ್ಶಿಗೆ ಸಹಿ ಪಡೆದು ಹಸ್ತಾಂತರಿಸುತ್ತಾ ಹೋಗಬೇಕು.